ಹೊಟ್ಟೆನೋವೆಂದು ಬಂದ ಕಟ್ಟುಹಾವಿನ ಕೇಸು: ರಿಪೋರ್ಟ್ ಎರಡು ಸಲ ವಾಪಸ್ ಬಂತು, ಎಲ್ಲಿ ತಪ್ಪಿದೆ?

ಮೆಡಿಸಿನ್ ಎರಡನೇ ವರ್ಷ, ರಾಯಚೂರು

ಎಲ್ಲರಿಗೂ ನಮಸ್ಕಾರ. ನಾನು ಮೆಡಿಸಿನ್ ಪಿಜಿ. ನನ್ನ ಮೊದಲ ಕೇಸ್ ರಿಪೋರ್ಟ್ ಇದು. ಎರಡು ಜರ್ನಲ್‌ನಿಂದ ವಾಪಸ್ ಬಂದಿದೆ. ಮೊದಲನೆಯವರು ‘ಇದರಲ್ಲಿ ಹೊಸದೇನೂ ಇಲ್ಲ’ ಅಂದರು. ಎರಡನೆಯವರು ಕನ್ಸೆಂಟ್ ಫಾರ್ಮ್ ಕೇಳಿದರು, ಟೈಮ್‌ಲೈನ್ ಅರ್ಥ ಆಗುತ್ತಿಲ್ಲ ಅಂದರು.

ಕೇಸು ಹೀಗಿದೆ. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಬೇಸಿಗೆ, ಮನೆ ಮಾಳಿಗೆ ಮೇಲೆ ಎಲ್ಲರ ಜೊತೆ ಮಲಗಿದ್ದರು. ನಸುಕಿನಲ್ಲಿ ಹೊಟ್ಟೆನೋವಿನಿಂದ ಎಚ್ಚರ ಆಯಿತು. ಎರಡು ಸಲ ವಾಂತಿ. ಹತ್ತಿರದಲ್ಲಿ ಒಂದು ಇಂಜೆಕ್ಷನ್ ಹಾಕಿಸಿಕೊಂಡು 8:10ಕ್ಕೆ ನಮ್ಮ ಕ್ಯಾಶುವಾಲ್ಟಿಗೆ ಬಂದರು. ಸರ್ಜರಿಯವರು ನೋಡಿದರು. ಹೊಟ್ಟೆ ಮೆತ್ತಗಿತ್ತು, ಸ್ಕ್ಯಾನ್ ನಾರ್ಮಲ್, ಎಕ್ಸ್‌ರೇ ನಾರ್ಮಲ್, ಅಮೈಲೇಸ್ ನಾರ್ಮಲ್. 11:40ಕ್ಕೆ ನಮ್ಮನ್ನು ಕರೆದರು. ಆಗ ಎರಡೂ ರೆಪ್ಪೆ ಇಳಿದಿದ್ದವು, ಕುತ್ತಿಗೆ ಎತ್ತಲು ಆಗುತ್ತಿರಲಿಲ್ಲ. ಒಂದೇ ಉಸಿರಿನಲ್ಲಿ ಎಣಿಸಿ ಅಂದರೆ ಎಂಟರ ಮೇಲೆ ಹೋಗಲಿಲ್ಲ. ಕಚ್ಚಿದ ಗುರುತು ಎಲ್ಲೂ ಇಲ್ಲ, ಹಾವನ್ನು ಯಾರೂ ನೋಡಿಲ್ಲ. ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ನಾರ್ಮಲ್. 12:05ಕ್ಕೆ ಎಎಸ್‌ವಿ 10 ವಯಲ್ ಶುರು ಮಾಡಿದೆವು, 12:30ಕ್ಕೆ ಟ್ಯೂಬ್ ಹಾಕಿದೆವು. ಆಮೇಲೆ ಇನ್ನೂ 10 ವಯಲ್. ನಿಯೋಸ್ಟಿಗ್ಮಿನ್ ಕೊಟ್ಟರೂ ಏನೂ ಬದಲಾಗಲಿಲ್ಲ. ಎರಡನೇ ದಿನ ಕಣ್ಣಿನ ಪಾಪೆ ಹಿಗ್ಗಿ ನಿಂತಿತ್ತು, ಬೆಳಕಿಗೆ ಕದಲಲಿಲ್ಲ. ಮೂರನೇ ದಿನ ಕಾಲಿನ ಹೆಬ್ಬೆರಳು ಅಲುಗಿತು. ಆರನೇ ದಿನ ಟ್ಯೂಬ್ ತೆಗೆದೆವು, ಒಂಬತ್ತನೇ ದಿನ ನಡೆದುಕೊಂಡು ಮನೆಗೆ ಹೋದರು.

ನಾನು ಬರೆದದ್ದು 3,400 ಪದ. ಅದರಲ್ಲಿ ಅರ್ಧ ಚರ್ಚೆಯ ಭಾಗ. ಏನು ಮಾಡಲಿ?

*(ತಿದ್ದಿದ್ದೇನೆ: ಊರು, ತಾರೀಖು, ಸರಿಯಾದ ವಯಸ್ಸು, ಮನೆಯವರ ಕೆಲಸ ತೆಗೆದಿದ್ದೇನೆ. ಯಾಕೆ ಅನ್ನೋದು ಕೆಳಗಿದೆ.)*

ಹಳೇ ಸ್ಟೆತ್, ಬಳ್ಳಾರಿ

ಡಾಕ್ಟ್ರೇ, ಮೊದಲು ಈ ಪೋಸ್ಟನ್ನು ತಿದ್ದಿ, ಮಿಕ್ಕಿದ್ದು ಆಮೇಲೆ ಮಾತಾಡೋಣ. ಊರಿನ ಹೆಸರು ಹಾಕಿದ್ದೀರಿ, ವಯಸ್ಸು ಹಾಕಿದ್ದೀರಿ, ಯಾವ ತಿಂಗಳು ಅಂತಲೂ ಹೇಳಿದ್ದೀರಿ. ಅಷ್ಟು ಸಣ್ಣ ಊರಿನಲ್ಲಿ ಆರು ದಿನ ಮಿಷನ್ ಮೇಲಿದ್ದು ಬದುಕಿ ಬಂದ ಹೆಣ್ಣುಮಗಳು ಒಬ್ಬರೇ ಇರುತ್ತಾರೆ. ಹೆಸರು ಬರೆಯದಿದ್ದರೇನು, ಊರಿಗೆಲ್ಲ ಗೊತ್ತಾಗುತ್ತದೆ. ನಿಮ್ಮ ಹಸ್ತಪ್ರತಿಯಲ್ಲೂ ಹೀಗೇ ಇದ್ದರೆ ಎರಡನೇ ಜರ್ನಲ್‌ನವರು ಬೆಚ್ಚಿದ್ದು ಸರಿಯೇ.

ಈಗ ಒಂದು ಪ್ರಶ್ನೆ. ಕನ್ಸೆಂಟ್ ಯಾರದು ಇದೆ?

ಮೆಡಿಸಿನ್ ಎರಡನೇ ವರ್ಷ, ರಾಯಚೂರು

ತಿದ್ದಿದೆ ಸರ್, ತಪ್ಪಾಯಿತು. ಕನ್ಸೆಂಟ್ ಗಂಡನದು ಇದೆ. ಟ್ಯೂಬ್ ಹಾಕುವಾಗ ಸಹಿ ಮಾಡಿದ್ದರು. ಅದರಲ್ಲಿ ‘ಶೈಕ್ಷಣಿಕ ಉದ್ದೇಶಕ್ಕೆ ಬಳಸಬಹುದು’ ಅಂತ ಒಂದು ಸಾಲೂ ಇದೆ.

ಕಾರಟಗಿ ಕ್ಲಿನಿಕ್

ಅದು ಸಾಕು. ನಾವು ಓದುವಾಗ ಹಾಗೇ ಮಾಡುತ್ತಿದ್ದೆವು. ಹೆಸರಿಲ್ಲ ಅಂದಮೇಲೆ ಕನ್ಸೆಂಟ್ ಯಾಕೆ ಬೇಕು? ಫೋಟೋ ಹಾಕಿದರೆ ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆಯಿರಿ, ಮುಗೀತು. ಒಂದು ಮಾತು ಮಾತ್ರ ನೆನಪಿಡಿ. ಕೆಲವು ಜರ್ನಲ್‌ಗಳು ತಮ್ಮದೇ ಫಾರ್ಮ್ ಕೇಳುತ್ತವೆ. ಯಾವ ಜರ್ನಲ್ ಅಂತ ಮೊದಲೇ ಗೊತ್ತು ಮಾಡಿಕೊಂಡು ಅದರ ಫಾರ್ಮ್ ಮೇಲೇ ಸಹಿ ತೆಗೆದುಕೊಳ್ಳಿ.

ಹಳೇ ಸ್ಟೆತ್, ಬಳ್ಳಾರಿ

ಕಾರಟಗಿಯವರೇ, ಕೊನೆಯ ಮಾತು ನೂರಕ್ಕೆ ನೂರು ಸರಿ. ಮೊದಲ ಎರಡು ಈಗ ನಡೆಯೋದಿಲ್ಲ. ಕಪ್ಪು ಪಟ್ಟಿ ಗುರುತು ಮುಚ್ಚಲು ಸಾಲದು ಅಂತ ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯೇ ತನ್ನ ಶಿಫಾರಸಿನಲ್ಲಿ ಬರೆದಿದೆ. ಅದೂ ಅಲ್ಲದೆ ಈ ಕೇಸಿನಲ್ಲಿ ರೆಪ್ಪೆಯೇ ಮುಖ್ಯ ಚಿತ್ರ. ಅದಕ್ಕೇ ಪಟ್ಟಿ ಎಳೆದರೆ ತೋರಿಸೋದು ಏನನ್ನು?

ಗಂಡನ ಸಹಿ ಚಿಕಿತ್ಸೆಗೆ ಕೊಟ್ಟದ್ದು. ಹೆಂಡತಿ ಉಸಿರಾಡುತ್ತಿಲ್ಲ, ಕೈ ನಡುಗುತ್ತಿದೆ, ಎಲ್ಲಿ ತೋರಿಸಿದರೆ ಅಲ್ಲಿ ಸಹಿ ಮಾಡಿರುತ್ತಾರೆ. ಅದನ್ನು ಪ್ರಕಟಣೆಗೆ ಒಪ್ಪಿಗೆ ಅಂತ ತೋರಿಸಲು ಬರುವುದಿಲ್ಲ. ಗಂಡ ಒಪ್ಪುವ ಪ್ರಶ್ನೆ ಬರುವುದು ಅವರು ತೀರಿಕೊಂಡಿದ್ದರೆ, ಇಲ್ಲವೇ ಮುಂದೆಯೂ ತಾವೇ ನಿರ್ಧರಿಸಲಾರದ ಸ್ಥಿತಿಯಲ್ಲಿದ್ದರೆ. ಇವರು ನಡೆದುಕೊಂಡು ಮನೆಗೆ ಹೋಗಿದ್ದಾರೆ. ಕೇಳಬೇಕಾದ್ದು ಅವರನ್ನೇ.

ಮೆಡಿಸಿನ್ ಎರಡನೇ ವರ್ಷ, ರಾಯಚೂರು

ಅಲ್ಲೇ ತೊಂದರೆ ಸರ್. ಅವರು ಗುಳೆ ಹೋಗಿದ್ದಾರೆ. ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದಾರೆ. ಫೋನ್ ಸಿಗುತ್ತದೆ. ಫೋನಿನಲ್ಲಿ ‘ಹೂಂ’ ಅಂದರೆ ನಡೆಯುತ್ತಾ?

ಸಮುದಾಯ ವಿಭಾಗ, ಕೊಪ್ಪಳ

ಲಿಖಿತ ಒಪ್ಪಿಗೆ ಬೇಕು ಅನ್ನುವ ಜರ್ನಲ್‌ಗೆ ‘ಹೂಂ’ ಸಾಲದು. ಫೋನಿನಲ್ಲಿ ವಿಷಯ ತಿಳಿಸಿ, ಊರಿಗೆ ಬಂದಾಗ ಸಹಿ ತೆಗೆದುಕೊಳ್ಳಿ. ಇಂಗ್ಲಿಷ್ ಫಾರ್ಮ್ ಮೇಲೆ ಹೆಬ್ಬೆಟ್ಟು ಒತ್ತಿಸಬೇಡಿ. ಕನ್ನಡದಲ್ಲಿ ಬರೆಯಿರಿ, ಓದಿ ಹೇಳಿ. ಓದಲು ಬಾರದವರಾದರೆ ನಿಮ್ಮ ತಂಡದವರಲ್ಲದ ಒಬ್ಬ ಸಾಕ್ಷಿ ಜೊತೆಗಿರಲಿ.

ನನ್ನದೇ ಅನುಭವ ಹೇಳುತ್ತೇನೆ. ಫ್ಲೋರೈಡ್ ನೀರಿನಿಂದ ಬೆನ್ನುಮೂಳೆ ಬಿಗಿದು, ನರ ಒತ್ತಿ, ಕಾಲು ಸೋತ ಒಬ್ಬ ಹಿರಿಯರ ಕೇಸು ಬರೆದಿದ್ದೆ. ಎಕ್ಸ್‌ರೇ, ಎಂಆರ್‌ಐ ಎಲ್ಲ ಚೆನ್ನಾಗಿತ್ತು. ಕೊನೆಗೆ ಕೇಳಲು ಹೋದರೆ, ‘ಬ್ಯಾಡ್ರೀ ಮೇಡಂ, ನಮ್ಮೂರ ನೀರು ಕೆಟ್ಟದ ಅಂತ ಬರದ್ರ ನಮ್ಮ ಹುಡುಗ್ಯಾರಿಗೆ ಹೆಣ್ಣು ಕೇಳಾಕ ಯಾರ್ ಬರ್ತಾರ’ ಅಂದರು. ಊರಿನ ಹೆಸರು ಹಾಕೋದಿಲ್ಲ ಅಂದರೂ ಒಪ್ಪಲಿಲ್ಲ. ಅಲ್ಲಿಗೆ ಬಿಟ್ಟೆ. ಎರಡು ತಿಂಗಳ ಕೆಲಸ ಹೋಯಿತು. ಈಗ ಬರೆಯುವ ಮುಂಚೆಯೇ ಕೇಳುತ್ತೇನೆ, ಡಿಸ್ಚಾರ್ಜ್ ಆಗುವ ದಿನ ಬೆಳಿಗ್ಗೆ.

ಗಂಗಾವತಿಯವ

ನಮಸ್ಕಾರ, ನಮ್ಮಪ್ಪನಿಗೂ ಹೋದ ವರ್ಷ ಗದ್ದೆಯಲ್ಲಿ ಹಾವು ಕಚ್ಚಿತ್ತು. ಕೇಸ್ ರಿಪೋರ್ಟ್ ಕೊಡಿ ಅಂತ ಆಸ್ಪತ್ರೆಗೆ ಮೂರು ಸಲ ಅಲೆದೆ. ಸಾಹೇಬ್ರಿಲ್ಲ, ನಾಳೆ ಬಾ ಅನ್ನುತ್ತಾರೆ. ಈ ಕನ್ಸೆಂಟ್ ಫಾರ್ಮ್ ತುಂಬಿ ಕೊಟ್ಟರೆ ಸಿಗುತ್ತಾ?

ರಾತ್ರಿ ಪಾಳಿ, ಸಿಂಧನೂರು

ಅಣ್ಣಾ, ಇವರು ಮಾತಾಡುತ್ತಿರುವುದು ಪತ್ರಿಕೆಗೆ ಬರೆಯುವ ಲೇಖನದ ಬಗ್ಗೆ. ನಿಮಗೆ ಬೇಕಾಗಿರುವುದು ಕೇಸ್ ಶೀಟ್ ನಕಲು, ಡಿಸ್ಚಾರ್ಜ್ ಸಮ್ಮರಿ. ಬಾಯಿಮಾತಿನಲ್ಲಿ ಕೇಳಬೇಡಿ. ಅರ್ಜಿ ಬರೆದು ಕೊಟ್ಟು, ಇನ್ನೊಂದು ಪ್ರತಿ ಮೇಲೆ ತಾರೀಖು ಸಮೇತ ಸೀಲು ಹಾಕಿಸಿಕೊಳ್ಳಿ. ಅರ್ಜಿ ಕೊಟ್ಟ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ ನಡವಳಿಕೆಯ ನಿಯಮದಲ್ಲೇ ಇದೆ.

ಡಾಕ್ಟ್ರೇ, ನಿಮಗೂ ಒಂದು ಮಾತು. 8:10ರಿಂದ 11:40ರವರೆಗೆ ಮೂರೂವರೆ ಗಂಟೆ ಏನೂ ಬರೆದಿಲ್ಲ. ಆ ಹೊತ್ತಿನಲ್ಲಿ ಸಿಸ್ಟರ್ ಇದ್ದೇ ಇರುತ್ತಾರೆ. ನರ್ಸಿಂಗ್ ಚಾರ್ಟ್ ತೆಗೆದು ನೋಡಿದಿರಾ?

ಮೆಡಿಸಿನ್ ಎರಡನೇ ವರ್ಷ, ರಾಯಚೂರು

ನೋಡಿರಲಿಲ್ಲ. ಈಗ ರೆಕಾರ್ಡ್ ರೂಮಿನಿಂದ ಫೈಲ್ ತೆಗೆಸಿದೆ. ಸಿಸ್ಟರ್ ನಿಮಗೆ ದೊಡ್ಡ ನಮಸ್ಕಾರ. 10:00ಕ್ಕೆ ಹೀಗೆ ಬರೆದಿದ್ದಾರೆ: ‘ರೋಗಿ ಕಣ್ಣು ತೆರೆಯುತ್ತಿಲ್ಲ, ನಿದ್ದೆ ಬಂದಂತಿದೆ, ಕರೆದರೆ ಓಗೊಡುತ್ತಾರೆ.’ ಅದಕ್ಕೆ ಮುಂಚೆ 8:40ಕ್ಕೆ ನೋವಿನ ಇಂಜೆಕ್ಷನ್ ಕೊಟ್ಟಿದ್ದರು. ಹಾಗಾಗಿ ಅದರ ಮಂಪರು ಅಂದುಕೊಂಡಿದ್ದಾರೆ ಅನ್ನಿಸುತ್ತದೆ. ನನ್ನ ಡ್ರಾಫ್ಟಿನಲ್ಲಿ ‘11:40ಕ್ಕೆ ರೆಪ್ಪೆ ಇಳಿಯಲು ಶುರುವಾಯಿತು’ ಅಂತ ಬರೆದಿದ್ದೆ. ಈಗ ‘10:00ಕ್ಕೆ ರೆಪ್ಪೆ ಇಳಿದಿತ್ತು’ ಅಂತ ತಿದ್ದಲಾ?

ಹಳೇ ಸ್ಟೆತ್, ಬಳ್ಳಾರಿ

ಎರಡೂ ಬೇಡ. ಸಿಸ್ಟರ್ ಬರೆದದ್ದು ‘ಕಣ್ಣು ತೆರೆಯುತ್ತಿಲ್ಲ’ ಅಂತ. ರೆಪ್ಪೆ ಇಳಿದಿದೆ ಅಂತ ಅವರು ಹೇಳಿಲ್ಲ. ಈಗ ನಮಗೆ ರೋಗ ಗೊತ್ತು, ಅದಕ್ಕೇ ಹಾಗೆ ಓದುತ್ತಿದ್ದೇವೆ. ಟೈಮ್‌ಲೈನಿನಲ್ಲಿ ಆ ಹೊತ್ತಿಗೆ ಕಂಡದ್ದನ್ನು ಕಂಡ ಹಾಗೇ ಬರೆಯಿರಿ. ಅದು ರೆಪ್ಪೆ ಇಳಿದದ್ದೇ ಇರಬೇಕು ಅನ್ನುವ ನಿಮ್ಮ ಊಹೆಗೆ ಜಾಗ ಇರುವುದು ಚರ್ಚೆಯ ಭಾಗದಲ್ಲಿ. ಹಾಗೇ ‘11:40ಕ್ಕೆ ಶುರುವಾಯಿತು’ ಅನ್ನೋದೂ ಸುಳ್ಳಾಗುತ್ತದೆ. 11:40ಕ್ಕೆ ನೀವು ಗುರುತಿಸಿದಿರಿ, ಅಷ್ಟೇ.

ಇನ್ನು ಸೊನ್ನೆ ಗಂಟೆ ಯಾವುದು? ಎರಡನೇ ಜರ್ನಲ್‌ನವರು ತಲೆ ಕೆಡಿಸಿಕೊಂಡದ್ದು ಇಲ್ಲೇ ಇರಬೇಕು. ಕಚ್ಚಿದ ಹೊತ್ತು ನಿಮಗೆ ಗೊತ್ತಿಲ್ಲ. ಆದರೂ ‘ಕಚ್ಚಿ ಏಳು ಗಂಟೆಯ ನಂತರ’ ಅಂತ ಬರೆದಿರುತ್ತೀರಿ, ಹೌದಲ್ವಾ? ಎಲ್ಲಿಂದ ಎಣಿಸಿದಿರಿ? ಎಚ್ಚರವಾದ ಹೊತ್ತನ್ನು ಸೊನ್ನೆ ಇಟ್ಟುಕೊಳ್ಳಿ. ಅವರು ಕೊನೆಯದಾಗಿ ಆರಾಮಾಗಿದ್ದದ್ದು ಯಾವಾಗ ಅಂತ ಮನೆಯವರನ್ನು ಕೇಳಿ ಅದನ್ನೂ ಹಾಕಿ. ಕಚ್ಚಿದ್ದು ಆ ಎರಡರ ನಡುವೆ ಎಲ್ಲೋ ಇದೆ ಅಂತ ಬಿಚ್ಚಿ ಹೇಳಿ. ಗಡಿಯಾರದ ಗಂಟೆ, ತಾರೀಖು ಎಲ್ಲ ತೆಗೆದು ಸೊನ್ನೆಯಿಂದ ಎಷ್ಟು ಹೊತ್ತಾಯಿತು ಅಂತ ಬರೆದರೆ ಗುರುತು ಮುಚ್ಚುವ ಕೆಲಸವೂ ಅರ್ಧ ಆದಂತೆ.

ಮೆಡಿಸಿನ್ ಎರಡನೇ ವರ್ಷ, ರಾಯಚೂರು

ಹೌದು ಸರ್, ಹಾಗೇ ಬರೆದಿದ್ದೆ. ಮನೆಯವರನ್ನು ಕೇಳಿದೆ. ರಾತ್ರಿ ಹತ್ತೂವರೆಗೆ ಮಾತಾಡುತ್ತಾ ಮಲಗಿದ್ದರು. ಎಚ್ಚರವಾದದ್ದು ಸುಮಾರು ನಾಲ್ಕೂವರೆ, ಮೊದಲ ಬಸ್ ಇನ್ನೂ ಬಂದಿರಲಿಲ್ಲವಂತೆ. ಹೊಸ ಟೈಮ್‌ಲೈನ್ ನೋಡಿ:

ಸೊನ್ನೆಗೆ 6 ಗಂಟೆ ಮುಂಚೆ: ಕೊನೆಯದಾಗಿ ಆರಾಮಾಗಿದ್ದರು. ಮಾಳಿಗೆ ಮೇಲೆ, ಚಾಪೆಯಲ್ಲಿ ಮಲಗಿದರು.
ಸೊನ್ನೆ: ಹೊಟ್ಟೆನೋವಿನಿಂದ ಎಚ್ಚರ, ಎರಡು ಸಲ ವಾಂತಿ. ಕಚ್ಚಿದ ಅರಿವಿಲ್ಲ.
ಸುಮಾರು 2 ಗಂಟೆ: ಹತ್ತಿರದ ವೈದ್ಯರ ಬಳಿ ಇಂಜೆಕ್ಷನ್. ಯಾವುದು ಅಂತ ಚೀಟಿ ಇಲ್ಲ.
3 ಗಂಟೆ 40 ನಿಮಿಷ: ನಮ್ಮಲ್ಲಿಗೆ ಬಂದರು. ಹೊಟ್ಟೆ ಮೆತ್ತಗೆ. ನರದ ಪರೀಕ್ಷೆ ಕೇಸ್ ಶೀಟಿನಲ್ಲಿಲ್ಲ.
5 ಗಂಟೆ 30 ನಿಮಿಷ: ‘ಕಣ್ಣು ತೆರೆಯುತ್ತಿಲ್ಲ, ಕರೆದರೆ ಓಗೊಡುತ್ತಾರೆ’ (ನರ್ಸಿಂಗ್ ಚಾರ್ಟ್).
7 ಗಂಟೆ 10 ನಿಮಿಷ: ರೆಪ್ಪೆ ಇಳಿದದ್ದು, ಕುತ್ತಿಗೆ ಸೋತದ್ದು ಗುರುತಿಸಿದೆವು.
7 ಗಂಟೆ 35 ನಿಮಿಷ: ಎಎಸ್‌ವಿ ಶುರು.
8 ಗಂಟೆ: ಟ್ಯೂಬ್, ವೆಂಟಿಲೇಟರ್.

ಇದರ ಮುಂದೆ ದಿನಗಳ ಲೆಕ್ಕ.

ರಾತ್ರಿ ಪಾಳಿ, ಸಿಂಧನೂರು

ಈಗ ಓದಿದರೆ ಅರ್ಥ ಆಗುತ್ತದೆ. ಒಂದೇ ಅನುಮಾನ. ನಾನು ಹಿಂದೆ ಇದ್ದ ಕಡೆ ಕ್ಯಾಶುವಾಲ್ಟಿ ಗೋಡೆ ಗಡಿಯಾರ ಹತ್ತು ನಿಮಿಷ ಮುಂದೆ ಓಡುತ್ತಿತ್ತು. ನಾವು ಅದನ್ನು ನೋಡಿ ಬರೆಯುತ್ತಿದ್ದೆವು, ಡಾಕ್ಟ್ರು ಮೊಬೈಲ್ ನೋಡಿ ಬರೆಯುತ್ತಿದ್ದರು. ನಿಮ್ಮಲ್ಲೂ ಹಾಗಿದ್ದರೆ ‘5 ಗಂಟೆ 30 ನಿಮಿಷ’ ಅಂತ ಅಷ್ಟು ಖಡಕ್ಕಾಗಿ ಹೇಳೋದು ಕಷ್ಟ.

ಹಳೇ ಸ್ಟೆತ್, ಬಳ್ಳಾರಿ

ಇಂಥ ಮಾತು ಯಾವ ಪುಸ್ತಕದಲ್ಲೂ ಸಿಗೋದಿಲ್ಲ ನೋಡಿ. ಸೊನ್ನೆಯೇ ‘ಮೊದಲ ಬಸ್‌ಗೆ ಮುಂಚೆ’ ಅನ್ನುವ ಅಂದಾಜು. ಹಾಗಿರುವಾಗ ನಿಮಿಷದ ಲೆಕ್ಕ ಶೋಭಿಸೋದಿಲ್ಲ. ಹತ್ತಿರದ ಅರ್ಧ ಗಂಟೆಗೆ ಕೂಡಿಸಿ, ‘ಸುಮಾರು’ ಅಂತ ಹಾಕಿ. ಗುರುತಿಸಿದ್ದಕ್ಕೂ ಎಎಸ್‌ವಿಗೂ ನಡುವಿನ 25 ನಿಮಿಷ ಮಾತ್ರ ನಿಮ್ಮದೇ ಒಂದು ಗಡಿಯಾರದ್ದು, ಅದನ್ನು ನಿಮಿಷದಲ್ಲೇ ಇಡಬಹುದು.

ಕತ್ತರಿ

ನಾನು ಸರ್ಜರಿ. ‘ನರದ ಪರೀಕ್ಷೆ ಕೇಸ್ ಶೀಟಿನಲ್ಲಿಲ್ಲ’ ಅಂತ ಬರೆದು ನಮ್ಮ ಮೇಲೆ ಗೂಬೆ ಕೂರಿಸುವುದು ಯಾಕೆ? ಹೊಟ್ಟೆನೋವು ಅಂತ ಬಂದವರಿಗೆ ನಾವು ಸ್ಕ್ಯಾನ್, ಎಕ್ಸ್‌ರೇ ಎಲ್ಲ ಎರಡು ಗಂಟೆಯೊಳಗೆ ಮಾಡಿಸಿದ್ದೇವೆ. ಹೊಟ್ಟೆನೋವಿನ ಪ್ರತಿಯೊಬ್ಬರಿಗೂ ಕುತ್ತಿಗೆ ಎತ್ತಿ ಅನ್ನಲು ಆಗುತ್ತಾ? ಅಷ್ಟೂ ಅಲ್ಲದೆ, ಅವರನ್ನು ಮೊದಲು ನೋಡಿದ್ದು ನಮ್ಮ ಘಟಕ. ಲೇಖಕರ ಪಟ್ಟಿಯಲ್ಲಿ ನಮ್ಮವರು ಇದ್ದಾರಾ?

ಹಳೇ ಸ್ಟೆತ್, ಬಳ್ಳಾರಿ

ಡಾಕ್ಟ್ರೇ, ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಆ ಸಾಲನ್ನು ‘ದಾಖಲಾಗಿಲ್ಲ’ ಅಂತ ಬರೆದರೆ ಅದು ಆಪಾದನೆಯಲ್ಲ, ಇರುವ ವಿಷಯ. ‘ಮಾಡಲಿಲ್ಲ’ ಅಂತ ಬರೆದರೆ ತಪ್ಪು. ಮಾಡಿ ಬರೆಯದೇ ಇದ್ದಿರಬಹುದು. ಹಾಗೇ ‘ಸರ್ಜರಿ ವಿಭಾಗ’ ಅನ್ನದೆ ‘ಮೊದಲ ತಪಾಸಣೆಯಲ್ಲಿ’ ಅಂದರೆ ಸಾಕು. ಮೊದಲ ಇಂಜೆಕ್ಷನ್ ಹಾಕಿದವರನ್ನೂ ಅಷ್ಟಕ್ಕೇ ಬಿಡಿ.

ಲೇಖಕರ ವಿಷಯ ನಿಮ್ಮ ಮನೆ ಜಗಳ. ರೋಗಿಯನ್ನು ನೋಡಿದ ಮಾತ್ರಕ್ಕೆ ಲೇಖಕರಾಗೋದಿಲ್ಲ, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಕೈ ಇರಬೇಕು, ಕೊನೆಯ ಪ್ರತಿಗೆ ಒಪ್ಪಿ ಅದಕ್ಕೆ ಜವಾಬು ಹೊರಬೇಕು. ನಾನಾದರೆ ನಿಮ್ಮ ಘಟಕದ ಒಬ್ಬರನ್ನು ಕರೆದು ಚರ್ಚೆಯ ಒಂದು ಪ್ಯಾರಾ ಬರೆಸುತ್ತಿದ್ದೆ. ಹೊಟ್ಟೆನೋವನ್ನು ಹೇಗೆ ವಿಚಾರ ಮಾಡಿದಿರಿ ಅಂತ ನಿಮ್ಮ ಬಾಯಲ್ಲೇ ಬಂದರೆ ಅದಕ್ಕೆ ತೂಕ ಜಾಸ್ತಿ.

ಕತ್ತರಿ

ಪ್ಯಾರಾ ಬರೆಯಲು ನಾನು ತಯಾರು. ಆದರೆ ‘ತಪ್ಪಿಹೋದ ಕೇಸು’ ಅನ್ನುವ ಧಾಟಿ ಇದ್ದರೆ ಹೆಸರು ಬೇಡ.

ಮೆಡಿಸಿನ್ ಎರಡನೇ ವರ್ಷ, ರಾಯಚೂರು

ಸರ್, ಮೊದಲ ಜರ್ನಲ್‌ನ ‘ಹೊಸದೇನೂ ಇಲ್ಲ’ ಅನ್ನೋದಕ್ಕೆ ಏನು ಮಾಡಲಿ? ‘ನಮಗೆ ತಿಳಿದಂತೆ ಇದೇ ಮೊದಲ ಕೇಸು’ ಅಂತ ಬರೆದಿದ್ದೆ.

ಹಳೇ ಸ್ಟೆತ್, ಬಳ್ಳಾರಿ

ಆ ಸಾಲೇ ನಿಮಗೆ ಮುಳುವಾಗಿದ್ದು. ಕಟ್ಟುಹಾವು ಕಚ್ಚಿದವರು ನಸುಕಿನಲ್ಲಿ ಹೊಟ್ಟೆನೋವು ಅಂತ ಬರುವುದು, ಗುರುತೇ ಇಲ್ಲದಿರುವುದು ನಮ್ಮ ದೇಶದಲ್ಲಿ ಎಷ್ಟೋ ಸಲ ಬರೆದಾಗಿದೆ. ಪಾಪೆ ಹಿಗ್ಗಿ ಮಿದುಳು ಸತ್ತಂತೆ ಕಾಣುವುದೂ ಹೊಸದಲ್ಲ. ಒಂದು ಹುಡುಕಾಟ ಮಾಡಿದ್ದರೆ ಸಿಗುತ್ತಿತ್ತು. ‘ಮೊದಲ ಕೇಸು’ ಅನ್ನಬೇಕಾದರೆ ಎಲ್ಲಿ, ಯಾವ ಪದ ಹಾಕಿ, ಯಾವ ದಿನದವರೆಗೆ ಹುಡುಕಿದೆ ಅಂತ ಹೇಳುವ ಧೈರ್ಯ ಬೇಕು.

ನಿಮ್ಮ ಕೇಸಿನಲ್ಲಿ ಬರೆಯುವಂಥದ್ದು ಬೇರೆ ಇದೆ. ರೋಗ ಅಪರೂಪ ಅಲ್ಲ, ಅದು ಬಂದ ದಾರಿ ಅಪರೂಪ. ಮಾಳಿಗೆ ಮೇಲೆ ಮಲಗಿದ್ದರು ಅಂದಕೂಡಲೇ ಹಾವಿನ ಅನುಮಾನ ಎಲ್ಲರ ತಲೆಯಿಂದ ಹೋಯಿತು. ಆಮೇಲೆ ಇಳಿದ ರೆಪ್ಪೆ ನೋವಿನ ಇಂಜೆಕ್ಷನ್ನಿನ ಮಂಪರಿನ ಹಾಗೆ ಕಂಡಿತು. ಅನುಮಾನ ಹೇಗೆ ಎರಡು ಸಲ ಜಾರಿತು ಅನ್ನೋದನ್ನು ಒಬ್ಬ ಕ್ಯಾಶುವಾಲ್ಟಿ ಡಾಕ್ಟರ್ ಓದಿದರೆ ಅವರಿಗೆ ಉಪಯೋಗ. ಹೊಸತನಕ್ಕಿಂತ ಕಲಿಕೆಗೆ ಬೆಲೆ ಕೊಡುವ ಜರ್ನಲ್‌ಗಳಿವೆ, ಅಲ್ಲಿಗೆ ಕಳಿಸಿ.

ಚರ್ಚೆಯಲ್ಲಿ ಹಾವುಗಳ ಜಾತಿ, ದೇಶದಲ್ಲಿ ಎಷ್ಟು ಸಾವು, ವಿಷದ ರಸಾಯನ ಎಲ್ಲ ಹೊಡೆದುಹಾಕಿ. ನಿಮ್ಮ 1,700 ಪದದಲ್ಲಿ ಸಾವಿರ ಅಲ್ಲೇ ಹೋಗಿರಬೇಕು. ಉಳಿದದ್ದರಲ್ಲಿ ದೊಡ್ಡ ಪ್ರಶ್ನೆ ಒಂದೇ. ಹಾವು ಕಂಡಿಲ್ಲ, ಗುರುತಿಲ್ಲ, ವಿಷದ ಪರೀಕ್ಷೆ ಇಲ್ಲ. ಹಾಗಾದರೆ ಇದು ಕಟ್ಟುಹಾವೇ ಅಂತ ಹೇಗೆ ಹೇಳುತ್ತೀರಿ?

ಕಾರಟಗಿ ಕ್ಲಿನಿಕ್

ಎಎಸ್‌ವಿ ಕೊಟ್ಟಮೇಲೆ ಹುಷಾರಾದರಲ್ಲ, ಅದಕ್ಕಿಂತ ಸಾಕ್ಷಿ ಬೇಕಾ?

ಹಳೇ ಸ್ಟೆತ್, ಬಳ್ಳಾರಿ

ಅದು ಸಾಕ್ಷಿಯಾಗೋದಿಲ್ಲ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳು ಮಾಡುತ್ತದೆ. ಆದ ಹಾನಿಯನ್ನು ಎಎಸ್‌ವಿ ವಾಪಸ್ ತರೋದಿಲ್ಲ. ತುದಿ ಮತ್ತೆ ಬೆಳೆಯಲು ದಿನಗಳೇ ಬೇಕು. ನಿಯೋಸ್ಟಿಗ್ಮಿನ್ ಕೆಲಸ ಮಾಡದಿದ್ದದ್ದೂ ಅದಕ್ಕೇ. ಆರನೇ ದಿನ ಹುಷಾರಾದದ್ದು ವೆಂಟಿಲೇಟರ್ ಉಸಿರು ಹಿಡಿದಿಟ್ಟಿದ್ದರಿಂದ.

ಹಾಗಾಗಿ ಬೇರೆ ಕಾರಣಗಳನ್ನು ಒಂದೊಂದಾಗಿ ತೆಗೆದು, ಯಾಕೆ ಬಿಟ್ಟಿರಿ ಅಂತ ಬರೆಯಬೇಕು. ಕೀಟನಾಶಕ ಅಂತ ನಮ್ಮ ಹತ್ತಿ, ಭತ್ತದ ಕಡೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಪೊಟ್ಯಾಸಿಯಂ ಎಷ್ಟಿತ್ತು? ಹಿಂದೆ ಯಾವಾಗಲಾದರೂ ಸಂಜೆ ಹೊತ್ತು ರೆಪ್ಪೆ ಜೋಲುತ್ತಿತ್ತಾ? ಅದೇ ಊಟ ಮಾಡಿದ ಬೇರೆಯವರು ಹೇಗಿದ್ದರು? ಜಿಬಿಎಸ್ ಯಾಕಲ್ಲ?

ಮೆಡಿಸಿನ್ ಎರಡನೇ ವರ್ಷ, ರಾಯಚೂರು

ಕೋಲಿನೆಸ್ಟರೇಸ್ ನಾರ್ಮಲ್, ಬೆವರು ಜೊಲ್ಲು ಇರಲಿಲ್ಲ, ಪಾಪೆ ಕಿರಿದಾಗಿರಲಿಲ್ಲ. ಪೊಟ್ಯಾಸಿಯಂ 3.9. ಹಿಂದೆ ರೆಪ್ಪೆಯ ತೊಂದರೆ ಇಲ್ಲ. ಅದೇ ಊಟ ಮಾಡಿದ ಉಳಿದ ಐದು ಜನ ಆರಾಮು. ಜಿಬಿಎಸ್ ಇಷ್ಟು ಬೇಗ, ಅದೂ ಮೇಲಿನಿಂದ ಕೆಳಗೆ ಇಳಿಯುವುದು ಕಡಿಮೆ. ಆದರೆ ನರ್ವ್ ಕಂಡಕ್ಷನ್ ಪರೀಕ್ಷೆ, ಬೆನ್ನುನೀರು ಎರಡೂ ಮಾಡಿಸಿಲ್ಲ.

ಹಳೇ ಸ್ಟೆತ್, ಬಳ್ಳಾರಿ

ಮಾಡಿಸಿಲ್ಲ ಅನ್ನೋದನ್ನು ಮಿತಿಯಾಗಿ ಬರೆಯಿರಿ, ಮುಚ್ಚಬೇಡಿ. ಶೀರ್ಷಿಕೆಯಲ್ಲಿ ‘ಕಟ್ಟುಹಾವಿನ ಕಡಿತ’ ಬೇಡ, ‘ಕಟ್ಟುಹಾವಿನದೇ ಇರಬಹುದಾದ’ ಅಂತಾಗಲಿ. 2013ರ ಕೇರ್ ಮಾರ್ಗಸೂಚಿಯ ಪ್ರಕಾರ ಶೀರ್ಷಿಕೆಯಲ್ಲಿ ‘ಕೇಸ್ ರಿಪೋರ್ಟ್’ ಅನ್ನುವ ಪದವೂ ಇರಬೇಕು. ಅದೇ ಪಟ್ಟಿಯಲ್ಲಿ ‘ರೋಗಿಯ ಮಾತು’ ಅಂತ ಒಂದು ಭಾಗ ಇದೆ. ನೀವು ಅದನ್ನು ಖಾಲಿ ಬಿಟ್ಟಿರುತ್ತೀರಿ. ಕಟ್ಟುಹಾವಿನ ರೋಗಿ ಅಲುಗಾಡದೆ ಬಿದ್ದಿದ್ದರೂ ಒಳಗೆ ಎಚ್ಚರವಾಗಿರಬಹುದು. ಅವರಿಗೆ ಏನು ನೆನಪಿದೆ ಅಂತ ಕೇಳಿದ್ದೀರಾ?

ಮೆಡಿಸಿನ್ ಎರಡನೇ ವರ್ಷ, ರಾಯಚೂರು (ಏಳು ವಾರದ ನಂತರ)

ಊರ ಜಾತ್ರೆಗೆ ಅವರು ಬಂದಿದ್ದರು, ಹೋಗಿ ಕಂಡೆ. ಕನ್ನಡದ ಫಾರ್ಮ್ ಓದಿ ಹೇಳಿದೆ. ಜೊತೆಗೆ ಊರಿನ ಆಶಾ ಅಕ್ಕ ಸಾಕ್ಷಿ. ನಾನು ಕೇಳಿದ್ದು ಒಂದೇ ಪ್ರಶ್ನೆ. ಅವರು ಅರ್ಧ ಗಂಟೆ ಮಾತಾಡಿದರು.

‘ಎಲ್ಲಾ ಕೇಳಸ್ತಿತ್ರೀ. ಕಣ್ಣು ಬಿಡಾಕ ಆಗವಲ್ದಾಗಿತ್ತು. ನೀವು ಕಣ್ಣಾಗ ಬ್ಯಾಟ್ರಿ ಬಿಟ್ಟು ಏನೂ ಇಲ್ಲ ಅಂದದ್ದೂ ಕೇಳಿಸ್ತು’ ಅಂದರು. ಬ್ಯಾಟರಿ ಬಿಟ್ಟವನು ನಾನೇ. ಆಮೇಲೆ, ಮನೆಯವರೊಬ್ಬರು ‘ಇನ್ನ ಮನಿಗೆ ಒಯ್ಯೋಣು’ ಅಂದದ್ದನ್ನೂ ಕೇಳಿಸಿಕೊಂಡಿದ್ದಾರೆ. ಯಾರು ಅಂತ ನನಗೆ ಹೇಳಿದರು. ಹೇಳಿದ ಮೇಲೆ, ‘ಅದೊಂದು ಬರೀಬ್ಯಾಡ್ರೀ, ನಾ ಅದಾ ಮನ್ಯಾಗ ಬಾಳೇ ಮಾಡಬೇಕು’ ಅಂದರು. ಮಿಕ್ಕಿದ್ದಕ್ಕೆಲ್ಲ ಸಹಿ ಹಾಕಿದ್ದಾರೆ. ರೆಪ್ಪೆಯ ಫೋಟೋ ಮಾತ್ರ ಬೇಡ ಅಂದರು.

ಫೋಟೋ ತೆಗೆದೆ. ಆ ಸಾಲು ತೆಗೆದರೆ ರೋಗಿಯ ಮಾತನ್ನು ನಾನೇ ಕತ್ತರಿಸಿದ ಹಾಗಾಗುತ್ತದಾ ಅನ್ನೋದು ಒಂದು ಕಸಿವಿಸಿ.

ಸಮುದಾಯ ವಿಭಾಗ, ಕೊಪ್ಪಳ

ಅವರೇ ಬೇಡ ಅಂದಮೇಲೆ ಕತ್ತರಿಸಿದವರು ಅವರು, ನೀವಲ್ಲ. ತೆಗೆಯಿರಿ. ‘ಮನೆಯವರು’ ಅಂತ ಮೊಗಮ್ಮಾಗಿಯೂ ಹಾಕಬೇಡಿ, ಅಲ್ಲಿ ಇದ್ದದ್ದೇ ನಾಲ್ಕು ಜನ ಇರುತ್ತಾರೆ. ಅಚ್ಚಾಗುವ ಮುಂಚೆ ಯಾವಾಗ ಬೇಕಾದರೂ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು, ಅಚ್ಚಾದ ಮೇಲೆ ಕಷ್ಟ ಅನ್ನೋದನ್ನೂ ಹೇಳಿದಿರಾ? ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಓದಬಹುದು ಅಂತ?

ಮೆಡಿಸಿನ್ ಎರಡನೇ ವರ್ಷ, ರಾಯಚೂರು

ಮೊದಲನೆಯದು ಹೇಳಿದೆ. ಇಂಟರ್ನೆಟ್ ವಿಷಯ ಸರಿಯಾಗಿ ಹೇಳಲಿಲ್ಲ. ಇವತ್ತು ಸಂಜೆ ಫೋನ್ ಮಾಡುತ್ತೇನೆ.

ಕಾರಟಗಿ ಕ್ಲಿನಿಕ್

ಅವರಿಗೆ ಎಚ್ಚರ ಇತ್ತು ಅಂತಾದರೆ ನಿದ್ದೆಯ ಔಷಧಿ ಕೊಟ್ಟಿರಲಿಲ್ವಾ? ರಿವ್ಯೂ ಮಾಡುವವರು ಮೊದಲು ಕೇಳೋದು ಅದನ್ನೇ.

ಹಳೇ ಸ್ಟೆತ್, ಬಳ್ಳಾರಿ

ಈ ಸಲ ಕಾರಟಗಿಯವರು ನನಗಿಂತ ಮುಂದಿದ್ದಾರೆ. ಡಾಕ್ಟ್ರೇ, ಐಸಿಯು ಚಾರ್ಟ್ ತೆಗೆಯಿರಿ. ಎಷ್ಟು ಕೊಟ್ಟಿರಿ, ಯಾವ ದಿನ ನಿಲ್ಲಿಸಿದಿರಿ, ಪಾಪೆ ನೋಡಿದಾಗ ಅದು ಓಡುತ್ತಿತ್ತಾ, ಎಲ್ಲ ಟೈಮ್‌ಲೈನಿಗೆ ಸೇರಬೇಕು.

ಮೆಡಿಸಿನ್ ಎರಡನೇ ವರ್ಷ, ರಾಯಚೂರು

ತೆಗೆದೆ ಸರ್. ಮೊದಲ ದಿನ ರಾತ್ರಿಯವರೆಗೆ ಮಿಡಜೋಲಮ್ ಇದೆ. ಎರಡನೇ ದಿನದ ಹಾಳೆಯೇ ಫೈಲಿನಲ್ಲಿಲ್ಲ. ರೆಕಾರ್ಡ್ ರೂಮಿನವರು ಹುಡುಕುತ್ತಿದ್ದಾರೆ.